ಲಿಸ್ಟಿಂಗ್ ಬರೆಯುವವರಿಗೆ: ಹೀಗೆ ಬರೆಯಿರಿ, ಇದನ್ನು ಬರೆಯಬೇಡಿ

ಕಲಬುರಗಿ ಮತ್ತು ಬೀದರ್ ತಂಡದ ಎಲ್ಲರಿಗೂ. ಸೋಮವಾರದಿಂದ ಹೊಸ ಲಿಸ್ಟಿಂಗ್ ಎಲ್ಲವೂ ಇದೇ ಪ್ರಕಾರ. ಹಳೆಯವನ್ನು ನಿಧಾನಕ್ಕೆ ತಿದ್ದೋಣ.

ಮಾತಿನ ಧಾಟಿ

ಅಂಗಡಿ ಕಟ್ಟೆ ಮೇಲೆ ಕೂತು ಗಿರಾಕಿಗೆ ಹೇಳುವ ಹಾಗೆ ಬರೆಯಿರಿ. ಗಿರಾಕಿಯನ್ನು ಯಾವಾಗಲೂ 'ನೀವು' ಅನ್ನಿ. 'ಅದ್ಭುತ', 'ಅಮೋಘ' ಎರಡೂ ಬೇಡ, ಅದರ ಬದಲು ಕೈಗೆ ಸಿಗುವ ವಿಷಯ ಹೇಳಿ. ಖಡಕ್ ರೊಟ್ಟಿಗೆ 'ರುಚಿಯಾದ ರೊಟ್ಟಿ' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. 'ಹಪ್ಪಳದ ಹಾಗೆ ಮುರಿಯುತ್ತದೆ, ಪಲ್ಯದ ರಸದಲ್ಲಿ ಅದ್ದಿದರೆ ಮೆತ್ತಗಾಗುತ್ತದೆ' ಅನ್ನಿ, ಸಾಕು.

ಅಳತೆ

ಸೇರು, ಪಾವು ನಮ್ಮ ಮನೆಯಲ್ಲಿ ನಡೆಯುತ್ತವೆ, ಲಿಸ್ಟಿಂಗ್‌ನಲ್ಲಿ ನಡೆಯಲ್ಲ. ಬೇಳೆಗೆ ಕೆಜಿ, ಚಟ್ನಿಪುಡಿಗೆ ಗ್ರಾಂ, ಎಣ್ಣೆಗೆ ಲೀಟರ್ ಅಥವಾ ಮಿ.ಲೀ. ರೊಟ್ಟಿಗೆ ಎಣಿಕೆ ಮತ್ತು ತೂಕ ಎರಡೂ ಬೇಕು: '10 ರೊಟ್ಟಿ, 400 ಗ್ರಾಂ'. ಬಿದರಿ ಸಾಮಾನಿಗೆ ಎತ್ತರ ಸೆಂ.ಮೀ.ನಲ್ಲಿ, ತೂಕ ಗ್ರಾಂನಲ್ಲಿ. ಹೋದ ದಸರೆಗೆ ಒಂದು ಹೂದಾನಿಗೆ 'ಎತ್ತರ 15' ಅಂತ ಬರೆದು ಸುಮ್ನೆ ಬಿಟ್ಟಿದ್ದೆವು. ಗಿರಾಕಿ ಇಂಚು ಅಂದುಕೊಂಡರು. ಪೆಟ್ಟಿಗೆ ಬಿಚ್ಚಿದರೆ ಅಂಗೈ ಮೇಲೆ ನಿಲ್ಲುವ ಹೂದಾನಿ! ವಾಪಸ್ ಬಂತು, ಕೊರಿಯರ್ ಖರ್ಚು ಎರಡು ಸಲ ನಮ್ಮದೇ, ಬರೆದವನು ನಾನೇ.

ಕಾಗುಣಿತ

'ಕಲಬುರಗಿ' ಅಂತಲೇ ಬರೆಯಿರಿ, 'ಕಲಬುರ್ಗಿ' ಅಲ್ಲ. 'ಗುಲ್ಬರ್ಗಾ' 2014ಕ್ಕೇ ಹೋಯಿತು, ಹುಡುಕು ಪದಗಳಲ್ಲಿ ಮಾತ್ರ ಇರಲಿ, ಇನ್ನೂ ಅದನ್ನೇ ಹುಡುಕುವವರಿದ್ದಾರೆ. ಶೀರ್ಷಿಕೆಯಲ್ಲಿ 'ತೊಗರಿ ಬೇಳೆ', ವಿವರಣೆಯಲ್ಲಿ ಒಮ್ಮೆ 'ಬ್ಯಾಳಿ' ಬಂದರೆ ನನಗೇನೂ ತಕರಾರಿಲ್ಲ. 'ಶೇಂಗಾ' ಹಾಗೇ ಇರಲಿ, ಅದು ನಮ್ಮ ಮಾತು.

ಬರೆಯಲೇಬಾರದ ಮಾತುಗಳು

'ಶುಗರ್ ವಾಸಿಯಾಗುತ್ತದೆ', 'ಬಿಪಿ ಇಳಿಯುತ್ತದೆ'. ಜೋಳದ ರೊಟ್ಟಿಗೆ ಇದನ್ನು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ತಿನ್ನುವ ವಸ್ತು ರೋಗ ವಾಸಿ ಮಾಡುತ್ತದೆ ಅಂತ ಹೇಳಿ ಮಾರುವುದು ಕಾನೂನಿಗೇ ವಿರುದ್ಧ.

'ಸಾವಯವ' ಅನ್ನಬೇಕಾದರೆ ಪ್ರಮಾಣಪತ್ರ ನಮ್ಮ ಫೈಲಿನಲ್ಲಿರಬೇಕು. ರೈತರು ಫೋನಿನಲ್ಲಿ 'ಗೊಬ್ಬರ ಹಾಕಿಲ್ಲರೀ' ಅಂದದ್ದು ಪ್ರಮಾಣಪತ್ರ ಅಲ್ಲ. 'ಪಾಲಿಶ್ ಇಲ್ಲದ ಬೇಳೆ' ಅನ್ನಲಿಕ್ಕೂ ಮಿಲ್‌ನವರು ಬರೆದು ಕೊಡಬೇಕು.

'ಕಲಬುರಗಿ ತೊಗರಿ ಬೇಳೆ'ಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಲಾತೂರಿನಿಂದ ಬಂದ ಚೀಲಕ್ಕೆ ಆ ಹೆಸರು ಅಂಟಿಸಬೇಡಿ, ಬೇಳೆ ಎಷ್ಟೇ ಚೆನ್ನಾಗಿರಲಿ.

ಬಿದರಿಯಲ್ಲಿ ಎಲ್ಲರೂ ಎಡವುತ್ತೀರಿ. 'ಬೆಳ್ಳಿ ಹೂದಾನಿ' ಅಂತ ಬರೆದರೆ ಅದು ಸುಳ್ಳು. ಮೈ ಸತು ಮತ್ತು ತಾಮ್ರದ್ದು, ಬೆಳ್ಳಿ ಇರುವುದು ಕೆತ್ತನೆಯೊಳಗೆ ಕೂರಿಸಿದ ತಂತಿ, ತಗಡಿನಲ್ಲಿ ಮಾತ್ರ. ಹಾಗೇ ಬರೆಯಿರಿ. ಕಪ್ಪು ಬಣ್ಣ ಬರುವುದು ಬೀದರ್ ಕೋಟೆಯ ಮಣ್ಣಿನಿಂದ, ಅದನ್ನು ಜಾಸ್ತಿ ಹೇಳಿ, ಅದೇ ನಿಜವಾದ ಕಥೆ ಅಲ್ವಾ. ಆದರೆ 'ಬಣ್ಣ ಎಂದೂ ಮಾಸಲ್ಲ' ಅನ್ನಬೇಡಿ.

ಅನುಮಾನ ಬಂದ ಸಾಲನ್ನು ಹಳದಿ ಮಾಡಿ ಡ್ರಾಫ್ಟ್‌ನಲ್ಲೇ ಇಡಿ, ಸಂಜೆ 5ಕ್ಕೆ ನಾನು ನೋಡುತ್ತೇನೆ.