ಸುತ್ತೋಲೆ: ಅಮೋನಿಯಾ ಲೈನಿನಿಂದ ಎಣ್ಣೆ ಇಳಿಸಲು ಇನ್ನು ಇಬ್ಬರು ಕಡ್ಡಾಯ

ವ್ಯವಸ್ಥಾಪಕರ ಕಚೇರಿ, ಐಸ್ ಪ್ಲಾಂಟ್, ಬೈತಖೋಲ, ಕಾರವಾರ
ದಿನಾಂಕ: 7 ಜುಲೈ 2025

ಇವರಿಗೆ: ಎಲ್ಲ ಪಾಳಿಯ ಆಪರೇಟರ್, ಹೆಲ್ಪರ್, ಫಿಟ್ಟರ್ ಹಾಗೂ ಗುತ್ತಿಗೆ ಕೆಲಸಗಾರರು

ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಮರುದಿನದಿಂದ ಪ್ಲಾಂಟ್ ಹಗಲು-ರಾತ್ರಿ ಓಡಬೇಕು. ಅದಕ್ಕೂ ಮೊದಲೇ ಈ ನಿಯಮ ಜಾರಿಗೆ ಬರುತ್ತದೆ: ರಿಸೀವರ್, ಆಯಿಲ್ ಪಾಟ್ ಅಥವಾ ಬೇರೆ ಯಾವುದೇ ಅಮೋನಿಯಾ ಭಾಗದಿಂದ ಒಬ್ಬರೇ ಎಣ್ಣೆ ಇಳಿಸುವಂತಿಲ್ಲ. ಒಬ್ಬರು ವಾಲ್ವ್ ಹಿಡಿಯಬೇಕು, ಇನ್ನೊಬ್ಬರು ಮಾಸ್ಕ್ ಹಾಕಿಕೊಂಡು ಬಾಗಿಲ ಬಳಿ ನಿಲ್ಲಬೇಕು.

ಕಾರಣ ಇಷ್ಟೇ. ಎಣ್ಣೆ ದ್ರವ ಅಮೋನಿಯಾಕ್ಕಿಂತ ಭಾರ, ತಳದಲ್ಲಿ ಕೂರುತ್ತದೆ. ತಣ್ಣಗಾದಾಗ ಗಟ್ಟಿಯಾಗಿ ಸುಲಭಕ್ಕೆ ಇಳಿಯುವುದಿಲ್ಲ. ಬರುತ್ತಿಲ್ಲವೆಂದು ವಾಲ್ವನ್ನು ಇನ್ನಷ್ಟು ತಿರುಗಿಸಿದರೆ, ಅಡ್ಡ ನಿಂತ ಎಣ್ಣೆ ಒಮ್ಮೆಲೇ ಸರಿದು ಹಿಂದಿನ ದ್ರವ ಅಮೋನಿಯಾ ಚಿಮ್ಮುತ್ತದೆ. ಅದು ಮೈನಸ್ 33 ಡಿಗ್ರಿಗೇ ಕುದಿಯುವ ದ್ರವ. ಮುಖದ ಮೇಲೆ ಬಿದ್ದವನಿಗೆ ವಾಲ್ವ್ ಎಲ್ಲಿದೆಯೆಂದೇ ಕಾಣುವುದಿಲ್ಲ.

ಇಳಿಸುವ ಕ್ರಮ: ಆಯಿಲ್ ಪಾಟಿಗೆ ಬರುವ ವಾಲ್ವ್ ಮುಚ್ಚಿ, ಸಕ್ಷನ್ ಕಡೆಯ ವೆಂಟ್ ತೆರೆಯಿರಿ. ಒಳಗಿನ ಅಮೋನಿಯಾ ಕುದಿದು ಹೋಗುವವರೆಗೆ ಕಾಯಿರಿ. ಪಾಟಿನ ಹೊರಗೆ ಹಿಮ ಕಂಡರೆ ದ್ರವ ಇನ್ನೂ ಇದೆ ಎಂದರ್ಥ, ಆಗ ಮುಟ್ಟಬೇಡಿ. ಬೇಗ ಆಗಲಿ ಎಂದು ಬ್ಲೋ ಲ್ಯಾಂಪ್ ಹಿಡಿಯುವುದು ಬೇಡವೇ ಬೇಡ. ಹಿಮ ಪೂರ್ತಿ ಕರಗಿ ಪಾಟ್ ಬೆಚ್ಚಗಾದ ಮೇಲೆ ವೆಂಟ್ ಮುಚ್ಚಿ, ಮೊದಲು ಸ್ಟಾಪ್ ವಾಲ್ವ್, ಆಮೇಲೆ ಸ್ಪ್ರಿಂಗ್ ವಾಲ್ವ್ ನಿಧಾನವಾಗಿ ತೆರೆಯಿರಿ. ಎಷ್ಟು ಲೀಟರ್ ಇಳಿಯಿತು, ಕಂಪ್ರೆಸರಿಗೆ ಎಷ್ಟು ಹಾಕಿದಿರಿ, ಎರಡನ್ನೂ ಲಾಗ್ ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಹಾಕಿದ್ದಕ್ಕಿಂತ ಇಳಿದದ್ದು ಸದಾ ಕಡಿಮೆಯಿದ್ದರೆ ಎಣ್ಣೆ ಕಾಯಿಲಿನಲ್ಲಿ ಕೂತಿದೆ. ಐಸ್ ಕಟ್ಟಲು ತಡವಾಗುವುದಕ್ಕೆ ಅದೂ ಒಂದು ಕಾರಣ.

ಸ್ಪ್ರಿಂಗ್ ವಾಲ್ವ್ ಇರುವುದೇ ಕೈ ಬಿಟ್ಟರೆ ತಾನಾಗಿ ಮುಚ್ಚಲಿ ಎಂದು. ಅದರ ಹಿಡಿಯನ್ನು ತಂತಿಯಿಂದಲೋ ಸುಂಬದಿಂದಲೋ ಕಟ್ಟಿ ಚಹಾಕ್ಕೆ ಹೋಗುವ ಅಭ್ಯಾಸ ಇಂದಿಗೇ ನಿಲ್ಲಬೇಕು.

ಸೋರಿದರೆ ಕೈ ಬಿಟ್ಟು, ಚಾವಣಿಯ ಬಾವುಟ ನೋಡಿ ಗಾಳಿಗೆ ಅಡ್ಡವಾಗಿ ಓಡಿ. ಹಸಿರು ಕ್ಯಾನಿಸ್ಟರ್ ಮಾಸ್ಕ್ ತಪ್ಪಿಸಿಕೊಳ್ಳಲು ಮಾತ್ರ, ದಟ್ಟ ಹೊಗೆಯೊಳಗೆ ನುಗ್ಗಲು ಅಲ್ಲ. ನೆಲದಲ್ಲಿ ನಿಂತ ದ್ರವಕ್ಕೆ ನೀರು ಸುರಿಯಬೇಡಿ, ಅನಿಲ ಇನ್ನೂ ಹೆಚ್ಚು ಏಳುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜದೆ 15 ನಿಮಿಷ ನೀರು ಹರಿಸಿ, ನಂತರ ಆಸ್ಪತ್ರೆಗೆ.

ಗಡುವು: ಸ್ಪ್ರಿಂಗ್ ವಾಲ್ವ್ ಜೋಡಣೆ ಮತ್ತು ಪ್ರತಿ ಪಾಳಿಯ ಅಭ್ಯಾಸ ಜುಲೈ 28, ಸೋಮವಾರ ಸಂಜೆ 5ರೊಳಗೆ ಮುಗಿಯಬೇಕು. ಅಭ್ಯಾಸದ ಪುಸ್ತಕದಲ್ಲಿ ಸಹಿ ಇಲ್ಲದವರಿಗೆ ಆಗಸ್ಟ್ 1ರಿಂದ ಮಷಿನ್ ರೂಮಿಗೆ ಪ್ರವೇಶವಿಲ್ಲ.

ಒಬ್ಬರೇ ಎಣ್ಣೆ ಇಳಿಸಿದರೆ ಮೊದಲ ಸಲ ಲಿಖಿತ ನೋಟಿಸ್, ಮರುತರಬೇತಿಯವರೆಗೆ ಬೇರೆ ಕೆಲಸ. ಎರಡನೇ ಸಲ ಇಲಾಖಾ ವಿಚಾರಣೆ. ವಾಲ್ವ್ ಕಟ್ಟಿದವರನ್ನು ಮೊದಲ ಸಲವೇ ವಿಚಾರಣೆ ಬಾಕಿಯಿಟ್ಟು ಅಮಾನತು ಮಾಡಲಾಗುವುದು. ಗುತ್ತಿಗೆಯವರಾದರೆ ಗೇಟ್ ಪಾಸ್ ರದ್ದು. ನೋಡದೆ ಸಹಿ ಹಾಕಿದ ಮೇಲ್ವಿಚಾರಕರಿಗೂ ಇದೇ ಕ್ರಮ.

ಜೊತೆಗೆ ಯಾರೂ ಸಿಗದಿದ್ದರೆ ಎಣ್ಣೆ ಮುಂದಿನ ಪಾಳಿಗೆ ಇರಲಿ. ಬೋಟಿನವರು ಬಾಗಿಲಲ್ಲಿ ನಿಂತಿದ್ದರೂ ಸರಿಯೇ. ಆ ಕಾರಣಕ್ಕೆ ಐಸ್ ತಡವಾದರೆ ಆಪರೇಟರನ್ನು ಯಾರೂ ಪ್ರಶ್ನಿಸುವುದಿಲ್ಲ.

ಸಹಿ/-
ವ್ಯವಸ್ಥಾಪಕರು

ಪ್ರತಿ: ಮಷಿನ್ ರೂಮ್ ಸೂಚನಾ ಫಲಕ, ಪಾಳಿ ಮೇಲ್ವಿಚಾರಕರು, ಗುತ್ತಿಗೆದಾರರು