ಸಮರ್ಥನ ರಜೆ ಚೀಟಿ

ಹಳೇ ಹುಬ್ಬಳ್ಳಿ
ಸೋಮವಾರ, 14 ಜುಲೈ 2025

ಅಕ್ಕಾರ್ರ, ನಮಸ್ಕಾರ್ರಿ.

4ನೇ ಇಯತ್ತೆ 'ಬಿ' ವರ್ಗದ ನಮ್ಮ ಸಮರ್ಥಗ ಮಂಗನಬಾವು ಆಗೇತ್ರಿ. ಅದಕ್ಕ ಇವತ್ತಿಂದ ಶನಿವಾರ 19ರ ತನಕ ಸಾಲಿಗೆ ಕಳಸಂಗಿಲ್ರಿ. ಸೋಮವಾರ 21ಕ್ಕ ಬರತಾನ. ಡಾಕ್ಟರ್ ಚೀಟಿ ಅವತ್ತ ಅವನ ಕೈಯಾಗ ಕೊಟ್ಟ ಕಳಸ್ತೀನ್ರಿ.

ಶನಿವಾರ ಸಂಜಿಗೆ ಎಡಗಡೆ ಕಿವಿ ಕೆಳಗ ಬಾವು ಬಂತು, ನಿನ್ನೆ ರಾತ್ರಿ ಬಲಗಡೆನೂ ಬಂದೇತಿ. ಜ್ವರ 101ರ ಆಸುಪಾಸು ಐತ್ರಿ. ಪ್ಯಾರಾಸಿಟಮಾಲ್ ಕೊಟ್ರ ಇಳೀತೈತಿ, ಆರು ತಾಸಿನ ಮ್ಯಾಲ ಮತ್ತ ಏರತೈತಿ. ರೊಟ್ಟಿ ಅಗಿಯಾಕ ಆಗವಲ್ದು. ಗಂಜಿ, ಮೆತ್ತನ್ನ ಅನ್ನ ಅಷ್ಟ ನಡದೇತಿ. ಹುಳಿ ತಿಂದ್ರ ಜೊಲ್ಲು ಜಾಸ್ತಿ ಬಂದು ಬಾವು ಚುರುಗುಡ್ತೈತಂತ, ಅದಕ್ಕ ಲಿಂಬಿ, ಮಜ್ಜಿಗಿ ಎರಡೂ ಬಂದ್.

ನಿಮಗ ಮುಖ್ಯ ಹೇಳಬೇಕಾದ್ದು ಬ್ಯಾರೇನ ಐತ್ರಿ. ಈ ಬ್ಯಾನಿ ಬಾವು ಕಾಣೂಕಿಂತ ಒಂದೆರಡು ದಿನ ಮೊದಲ ಹಬ್ಬಾಕ ಚಾಲೂ ಆಗತೈತಿ. ಅಂದ್ರ ಗುರುವಾರ, ಶುಕ್ರವಾರ ಅವನ ಬಾಜೂ ಕುಂತ ಹುಡುಗರು, ಅವನ ನೀರಿನ ಬಾಟಲಿ ಬಾಯಿಗೆ ಹಚ್ಚಿ ಕುಡದವರು ಇದ್ರ ಅವರ ಮ್ಯಾಲ ಕಣ್ಣ ಇಡ್ರಿ. ತಗಲಿದ್ರೂ ಇವತ್ತ ನಾಳೆ ಗೊತ್ತಾಗೂದಿಲ್ಲ, ಎರಡು-ಮೂರು ವಾರ ಹಿಡೀತೈತಿ. ಆಗಸ್ಟ್ ಮೊದಲ ವಾರದ ತನಕ ಯಾರರೆ ಕಿವಿ ಕೆಳಗ ನೋವು, ಅಗಿಯಾಕ ತ್ರಾಸ ಅಂದ್ರ ಹಲ್ಲಿನ ನೋವು ಅಂತ ಬಿಡಬ್ಯಾಡ್ರಿ, ಮನಿಗೆ ತಿಳಿಸ್ರಿ. ಸರ್ಕಾರಿ ಎಂ.ಆರ್. ಲಸಿಕಿ ದಡಾರಕ್ಕ, ರುಬೆಲ್ಲಾಕ್ಕ ಅಷ್ಟ. ಮಂಗನಬಾವು ಅದರಾಗ ಬರಂಗಿಲ್ಲ. ಹಂಗಾಗಿ 'ನಮ್ಮ ಹುಡುಗಗ ಎಲ್ಲಾ ಇಂಜೆಕ್ಷನ್ ಆಗ್ಯಾವು' ಅಂದವರ ಮಾತಿಗೆ ಸುಮ್ಮನ ಆಗಬ್ಯಾಡ್ರಿ. ಆಟೊ ಕಾಕಾಗೂ ಹೇಳೇನಿ.

ಬಾವು ಚಾಲೂ ಆದ ಐದು ದಿನಕ್ಕ ಹಬ್ಬೂದು ನಿಲ್ಲತೈತಂತ ಡಾಕ್ಟರ್ ಹೇಳ್ಯಾರ. ಆ ಲೆಕ್ಕಕ್ಕ ಶುಕ್ರವಾರನ ಕಳಸಬಹುದಿತ್ತು, ಆದ್ರ ಹೊಟ್ಟಿಗೆ ಸರಿಯಾಗಿ ಊಟ ಇಲ್ಲದ ಹುಡುಗ ಕುಂತು ಏನ್ ಕಲೀತಾನ್ರಿ? ಸೋಮವಾರ ಬಂದಾಗ ಗಲ್ಲ ಇನ್ನೂ ಸ್ವಲ್ಪ ಉಬ್ಬಿದ್ದ ಕಂಡ್ರ ಗಾಬರಿ ಆಗಬ್ಯಾಡ್ರಿ, ಪೂರ್ತಿ ಇಳಿಯಾಕ ಹತ್ತು ದಿನ ಬೇಕಾಗತೈತಿ. ಹುಡುಗರು 'ಮಂಗ್ಯಾ' ಅಂತ ಕಾಡದಂಗ ಒಂದ್ ಮಾತ್ ಹೇಳ್ರಿ, ಅವಗ ಬ್ಯಾನಿಕಿಂತ ಅದರದ ಚಿಂತಿ ಆಗೇತಿ.

ಗಣಿತದಾಗ ಗುಣಾಕಾರ ನಡದಿತ್ತಲ್ರಿ, ಬೋರ್ಡಿನ ಮ್ಯಾಲಿಂದು ಒಂದ್ ಫೋಟೊ ಸಂಜಿಗೆ ವಾಟ್ಸಾಪಿಗೆ ಹಾಕಿದ್ರ ಜ್ವರ ಇಳದಾಗ ಬರಸ್ತೀನಿ. ಉಳದ ವಿಷಯ ಬಂದ ಮ್ಯಾಲ ಬರಕೊಳ್ಳಲಿ. ಎಫ್.ಎ. ಟೆಸ್ಟ್ ಈ ವಾರದಾಗ ಇದ್ರ ಅವಂದು ಮುಂದಿನ ವಾರ ತಗೋಳಾಕ ಆಗತೈತೇನ, ತಿಳಿಸ್ರಿ.

ಇಂತಿ,
ಸಮರ್ಥನ ಅವ್ವ