ಎಳ್ಳ ಅಮಾವಾಸ್ಯೆ ಪೋಸ್ಟರ್‌ಗೆ ಬೇಕಾದ ಚಿತ್ರದ ಪೂರ್ತಿ ವಿವರ

ಹಬ್ಬದ ಪೋಸ್ಟರ್‌ಗೆ ಒಂದು ಚಿತ್ರ ಬೇಕು. ಹಬ್ಬ ಎಳ್ಳ ಅಮಾವಾಸ್ಯೆ. ಜಾಗ ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಒಂದು ಹೊಲ. ಕಾಲ ಡಿಸೆಂಬರ್ ಕೊನೆ, ಹೊತ್ತು ಮಧ್ಯಾಹ್ನ ಹನ್ನೆರಡು ದಾಟಿದೆ. ಹೆಸರಲ್ಲಿ ಅಮಾವಾಸ್ಯೆ ಇದೆ ಅಂತ ಕತ್ತಲು, ಚಂದ್ರ, ನಕ್ಷತ್ರ ಹಾಕುವುದು ಬೇಡ. ಇದು ಹಗಲು ಹೊತ್ತಿನಲ್ಲಿ ಹೊಲದಲ್ಲೇ ಮಾಡುವ ಹಬ್ಬ, ಬಿಸಿಲು ಚೆನ್ನಾಗಿರಬೇಕು.

ಊರು ಬಿಟ್ಟು ಕಲಬುರಗಿ, ಸೊಲ್ಲಾಪುರ, ಹೈದರಾಬಾದ್, ಪುಣೆ ಕಡೆ ದುಡಿಯಲು ಹೋದವರನ್ನು ಒಂದು ದಿನ ಹೊಲಕ್ಕೆ ಕರೆಯುವ ಪೋಸ್ಟರ್ ಇದು. ಅವರು ಮೊಬೈಲಿನಲ್ಲಿ ನೋಡಿದ ತಕ್ಷಣ 'ಇದು ನಮ್ಮ ಕಡೆ ಹೊಲಾನೇ' ಅನ್ನಬೇಕು. ಯಾವುದೋ ಹಳ್ಳಿ, ಯಾವುದೋ ರೈತ, ಹಿಂದೆ ತೆಂಗಿನ ಮರ ಅನ್ನೋ ಥರದ ಚಿತ್ರ ಆದರೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆದಿದ್ದೇನೆ. ಹೆಸರು ಹೇಳಿದ ಕಡೆ ಆ ವಸ್ತು ನೋಡಲು ಹೇಗಿರುತ್ತದೆ ಅನ್ನುವುದನ್ನೂ ಹೇಳಿದ್ದೇನೆ, ಬರೆಯುವಾಗ ಆ ರೂಪವನ್ನೇ ಹಿಡಿಯಬೇಕು.

ಚಿತ್ರದ ಜೀವ ಇರುವುದು ಚರಗ ಚೆಲ್ಲುವ ಮನುಷ್ಯನಲ್ಲಿ. ಹೊಲದಲ್ಲಿ ಬೆಳೆ ತೆನೆ ಕಟ್ಟುವ ಹೊತ್ತಿಗೆ ಭೂಮಿತಾಯಿ ಬಸುರಿ ಅಂತ ನಮ್ಮವರು ನಂಬುತ್ತಾರೆ. ಬಸುರಿಗೆ ಬಯಕೆ ಊಟ ಬಡಿಸಿದ ಹಾಗೆ, ಮನೆಯಲ್ಲಿ ಮಾಡಿದ ಎಲ್ಲಾ ಅಡುಗೆಯನ್ನೂ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಚಿತ್ರದಲ್ಲಿ ಐವತ್ತರ ಆಸುಪಾಸಿನ ಒಬ್ಬ ರೈತ, ಬಿಳಿ ಧೋತರ, ತೋಳು ಮಡಚಿದ ಬಿಳಿ ಅಂಗಿ, ತಲೆಗೆ ಸುತ್ತಿದ ಟವಲ್. ಎಡಗೈ ಸೊಂಟಕ್ಕೆ ಒತ್ತಿಕೊಂಡು ಬಿದಿರಿನ ಬುಟ್ಟಿ ಹಿಡಿದಿದ್ದಾನೆ. ಬಲಗೈ ಈಗಷ್ಟೇ ಬೀಸಿ ಬೆರಳು ಬಿಚ್ಚಿದೆ, ಕಲಸಿದ ಅನ್ನ, ಕಡುಬಿನ ತುಂಡು, ಕಾಳು ಎಲ್ಲಾ ಕೈಯಿಂದ ಹಾರಿ ಬೆಳೆಯ ಕಡೆಗೆ ಹೋಗುತ್ತಿವೆ. ಆ ಹಾರುತ್ತಿರುವ ಅನ್ನ ಬಿಸಿಲಿಗೆ ಬೆಳ್ಳಗೆ ಕಾಣಬೇಕು, ಎಲ್ಲಕ್ಕಿಂತ ಮೊದಲು ಕಣ್ಣು ಅಲ್ಲಿಗೇ ಹೋಗಬೇಕು. ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಹತ್ತು-ಹನ್ನೆರಡು ವರ್ಷದ ಹುಡುಗಿ, ಕೈಯಲ್ಲಿ ತಾಮ್ರದ ತಂಬಿಗೆ, ಚರಗ ಬಿದ್ದ ಕಡೆ ನೀರು ಚಿಮುಕಿಸುತ್ತಾ ಬರುತ್ತಿದ್ದಾಳೆ. ಇಬ್ಬರದೂ ಬರಿಗಾಲು, ಕಾಲಿಗೆ ಕಪ್ಪು ಮಣ್ಣು ಹತ್ತಿರಬೇಕು. ಇಬ್ಬರೂ ಕ್ಯಾಮೆರಾ ಕಡೆ ನೋಡಿ ನಗುತ್ತಿರುವುದು ಬೇಡ. ಅವನ ಬಾಯಿ ತೆರೆದಿರಲಿ, ಅವನು ಜೋರಾಗಿ ಕೂಗುತ್ತಾ ಚೆಲ್ಲುತ್ತಿದ್ದಾನೆ.

ಮಣ್ಣು ಎರೆಮಣ್ಣು. ಕಂದು ಅಲ್ಲ, ಕೆಂಪಂತೂ ಅಲ್ವೇ ಅಲ್ಲ, ಕರ್ರಗೆ ಇರಬೇಕು. ಮಳೆ ನಿಂತು ಎರಡು ತಿಂಗಳಾಗಿರುವುದರಿಂದ ಸಾಲಿನ ನಡುವೆ ಬೆರಳು ಹೋಗುವಷ್ಟು ಬಿರುಕು ಬಿಟ್ಟಿದೆ. ನೆಲ ಸಮತಟ್ಟು. ದೂರಕ್ಕೆ ಬೆಟ್ಟ ಇಲ್ಲ, ಕಾಲುವೆ ಇಲ್ಲ, ಕೆರೆ ಇಲ್ಲ, ಭತ್ತದ ಗದ್ದೆ ಇಲ್ಲ. ದಿಗಂತದಲ್ಲಿ ಒಂದೆರಡು ಬೇವಿನ ಮರ, ಜಾಲಿ ಗಿಡ ಅಷ್ಟೇ.

ಬೆಳೆಯ ವಿಷಯದಲ್ಲಿ ಚಿತ್ರ ತಪ್ಪುವುದು ಜಾಸ್ತಿ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ. ಹಿಂದೆ ನಿಂತಿರುವುದು ಬಿಳಿಜೋಳ. ಇದು ಗೋವಿನಜೋಳ ಅಲ್ಲ, ದಂಟಿನ ಪಕ್ಕದಲ್ಲಿ ಸಿಪ್ಪೆ ಸುತ್ತಿದ ಹಳದಿ ತೆನೆ ಬರಬಾರದು. ಬಿಳಿಜೋಳದ ದಂಟು ಆಳೆತ್ತರ, ಎಲೆ ಉದ್ದಕ್ಕೆ ಬಾಗಿರುತ್ತದೆ, ಒಂದು ದಂಟಿಗೆ ಒಂದೇ ತೆನೆ, ಅದೂ ನೆತ್ತಿಯ ಮೇಲೆ, ಮುಷ್ಟಿ ಗಾತ್ರದಲ್ಲಿ ಮೊಟ್ಟೆಯ ಆಕಾರಕ್ಕೆ ಒತ್ತೊತ್ತಾಗಿ ಸಣ್ಣ ಕಾಳು. ಈ ಕಾಲಕ್ಕೆ ಕಾಳು ಇನ್ನೂ ಬಲಿತಿರುವುದಿಲ್ಲ, ತೆನೆ ಹಸಿರು ಬೆರೆತ ಬಿಳುಪು. ಕೆಲವು ದಂಟಿನಲ್ಲಿ ತೆನೆ ಈಗ ತಾನೇ ಎಲೆಯಿಂದ ಹೊರಗೆ ಬರುತ್ತಿರಲಿ. ಮುಂದೆ, ಚರಗ ಬೀಳುವ ಕಡೆ, ಕಡಲೆ. ಅದು ಮೊಣಕಾಲಿಗಿಂತ ಕೆಳಗೆ ಪೊದೆಯಾಗಿ ಹರಡುವ ಗಿಡ, ಎಲೆ ಬಹಳ ಸಣ್ಣವು, ಅಲ್ಲಲ್ಲಿ ನೇರಳೆ ಗುಲಾಬಿ ಬಣ್ಣದ ಚಿಕ್ಕ ಹೂವು, ಗಾಳಿ ತುಂಬಿದ ಹಾಗೆ ಉಬ್ಬಿದ ಹಸಿರು ಕಾಯಿ. ಎಡಗಡೆ ಅಂಚಿಗೆ ನಾಲ್ಕು ಸಾಲು ತೊಗರಿ ಇರಲೇಬೇಕು, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ಜಿಲ್ಲೆಯ ಹೊಲ ಅಂದರೆ ಜನ ಮೊದಲು ಹುಡುಕುವುದೇ ಅದನ್ನು. ತೊಗರಿ ಎದೆಮಟ್ಟದ ಗಿಡ, ಈಗ ಕೊಯ್ಲಿಗೆ ಬಂದಿದೆ, ಎಲೆ ಅರ್ಧ ಉದುರಿ ಒಣಗಿದ ಕಂದು ಕಾಯಿ ಗೊಂಚಲು ಗೊಂಚಲಾಗಿ ಕಾಣುತ್ತದೆ. ಎಲ್ಲಾ ಕಡೆ ಒಂದೇ ಹಸಿರು ಬಳಿದರೆ ಹೊಲ ಸುಳ್ಳಾಗುತ್ತದೆ.

ಬಲಗಡೆ ಕೆಳಗೆ ಒಂದು ಬನ್ನಿ ಮರ, ಅದರ ಬುಡದಲ್ಲಿ ಜೋಳದ ದಂಟು ನಿಲ್ಲಿಸಿ ಕಟ್ಟಿದ ಮೊಣಕಾಲೆತ್ತರದ ಸಣ್ಣ ಗುಡಿಸಲು. ಒಳಗೆ ಸಾಲಾಗಿ ಐದು ಕಲ್ಲು. ಇವೇ ಪಾಂಡವರು. ಹೊಲದಲ್ಲೇ ಸಿಕ್ಕಿದ ಮುಷ್ಟಿ ಗಾತ್ರದ ಕಲ್ಲುಗಳು, ಸುಣ್ಣ ಬಳಿದು ಅರಿಶಿನ ಕುಂಕುಮ ಹಚ್ಚಿದ್ದಾರೆ, ಮುಂದೆ ಚೆಂಡು ಹೂವು, ಒಡೆದ ತೆಂಗಿನಕಾಯಿ. ಇವಕ್ಕೆ ಕಣ್ಣು, ಮುಖ, ಕಿರೀಟ, ಬಿಲ್ಲು ಬಾಣ ಯಾವುದೂ ಬೇಡ. ಬರೀ ಕಲ್ಲು. ಐದೇ ಇರಬೇಕು, ಎಣಿಸಿದರೆ ನಾಲ್ಕು ಆಗುವುದು ಬೇಡ, ಆರೂ ಬೇಡ. ಹತ್ತಿರದಲ್ಲಿ ಯಾರ ಚಪ್ಪಲಿಯೂ ಕಾಣಬಾರದು.

ಆ ಮರದ ನೆರಳಲ್ಲಿ ಕರಿ ಕಂಬಳಿ ಹಾಸಿ ಏಳೆಂಟು ಜನ ಸುತ್ತ ಕೂತಿದ್ದಾರೆ. ಒಬ್ಬ ಅಜ್ಜಿ ಬಡಿಸುತ್ತಿದ್ದಾಳೆ, ಕಡು ಹಸಿರು ಇಳಕಲ್ ಸೀರೆ, ಕೆಂಪು ಸೆರಗು ತಲೆ ಮೇಲೆ, ಕೈತುಂಬ ಹಸಿರು ಬಳೆ. ಬಿಳಿ ಟೋಪಿ ಹಾಕಿದ ಅಜ್ಜ, ಜೀನ್ಸ್ ತೊಟ್ಟ ಇಬ್ಬರು ಹುಡುಗರು, ಸೀರೆ ಉಟ್ಟವಳು, ಚೂಡಿದಾರದವಳು, ತೊಡೆ ಮೇಲೆ ಮಗು. ಜೊತೆಗೆ ಊಟಕ್ಕೆ ಬಂದ ಪಕ್ಕದ ಹೊಲದ ಸಾಬರು, ಜಾಳಿಗೆ ಟೋಪಿ, ಉದ್ದ ಜುಬ್ಬಾ. ಅವರನ್ನು ಬೇರೆ ಕೂರಿಸಿ ಎದ್ದು ಕಾಣುವಂತೆ ತೋರಿಸುವುದು ಬೇಡ, ಅಜ್ಜನ ಪಕ್ಕದಲ್ಲೇ ಕೂತು ರೊಟ್ಟಿ ಮುರಿಯುತ್ತಿರಲಿ, ನಮ್ಮಲ್ಲಿ ಇರುವುದೇ ಹಾಗೆ. ಎಲ್ಲರ ಮೈಬಣ್ಣ ಬಿಸಿಲಲ್ಲಿ ದುಡಿದವರದ್ದು, ಕಂದು, ಕೆಲವರದು ಕಡು ಕಂದು. ಕ್ರೀಮ್ ಜಾಹೀರಾತಿನ ಮುಖ ಬೇಡ. ಅಜ್ಜಿಗೆ ಸುಕ್ಕು ಇರಲಿ.

ಊಟ ಹತ್ತಿರದಿಂದ ಕಾಣಬೇಕು. ಮಧ್ಯದಲ್ಲಿ ದೊಡ್ಡ ಪಾತ್ರೆ ತುಂಬ ಭಜ್ಜಿ. ಎಣ್ಣೆಯಲ್ಲಿ ಕರಿದ ತಿಂಡಿ ಅಲ್ಲ ಇದು, ಬಟ್ಟಲಲ್ಲಿ ಕರಿದ ಉಂಡೆ ಬಂದರೆ ಇಡೀ ಚಿತ್ರ ತಿರಸ್ಕಾರ. ನಮ್ಮ ಎಳ್ಳ ಅಮಾವಾಸ್ಯೆ ಭಜ್ಜಿ ಅಂದರೆ ಹಸಿ ಕಡಲೆ, ಹಸಿ ತೊಗರಿ, ಅವರೆ, ಬಟಾಣಿ, ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ ಸೊಪ್ಪು, ಗಜ್ಜರಿ ಎಲ್ಲಾ ಹಾಕಿ ಕಡಲೆ ಹಿಟ್ಟಿನಲ್ಲಿ ಕುದಿಸಿದ ಗಟ್ಟಿ ಪಲ್ಯ. ಬಣ್ಣ ಹಳದಿ ಬೆರೆತ ಹಸಿರು, ಕಾಳು ಬಿಡಿಬಿಡಿಯಾಗಿ ಕಾಣುತ್ತಿರುತ್ತದೆ, ಮೇಲೆ ಒಗ್ಗರಣೆಯ ಎಣ್ಣೆ ಹೊಳೆಯುತ್ತದೆ. ಪಕ್ಕದಲ್ಲಿ ಬಿದಿರು ಬುಟ್ಟಿಯೊಳಗೆ ಬಿಳಿ ಬಟ್ಟೆ ಹಾಸಿ ಒಂದರ ಮೇಲೊಂದು ಪೇರಿಸಿದ ಸಜ್ಜೆ ರೊಟ್ಟಿ. ಚಪಾತಿಯ ಹಾಗೆ ಬೆಳ್ಳಗೆ ಮೆತ್ತಗೆ ಇರಬಾರದು, ಬೂದು ಬಣ್ಣ, ಗಟ್ಟಿ, ಅಂಚು ಸ್ವಲ್ಪ ಮೇಲೆದ್ದಿರುತ್ತದೆ, ಮೈ ತುಂಬ ಎಳ್ಳು ಅಂಟಿರುತ್ತದೆ. ಆ ಎಳ್ಳು ಸ್ಪಷ್ಟವಾಗಿ ಕಾಣಲಿ, ಹಬ್ಬದ ಹೆಸರೇ ಅದು. ಅದೇ ಬೂದು ಬಣ್ಣದ ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಕೆಂಪು ಹಿಂಡಿ, ಮಣ್ಣಿನ ಗಡಿಗೆಯಲ್ಲಿ ಅಂಬಲಿ, ಮೊಸರು. ಇಷ್ಟು ಸಾಕು. ಸಮೋಸ, ಲಾಡು, ಇಡ್ಲಿ ಬೇಡ.

ಬಂಡಿ ಒಂದು ಬೇಕು. ದೊಡ್ಡ ಗಾಲಿಯ ಕಟ್ಟಿಗೆ ಬಂಡಿ, ನೊಗ ನೆಲಕ್ಕೆ ಇಳಿಸಿದೆ, ಎತ್ತು ಬಿಚ್ಚಿ ಪಕ್ಕದಲ್ಲಿ ಕಟ್ಟಿದ್ದಾರೆ, ಮೇವು ತಿನ್ನುತ್ತಿವೆ. ಎತ್ತು ದೇವಣಿ ತಳಿ, ಬಿಳಿ ಮೈಮೇಲೆ ಅಲ್ಲಲ್ಲಿ ದೊಡ್ಡ ಕಪ್ಪು ಮಚ್ಚೆ, ಜೋತುಬಿದ್ದ ಉದ್ದ ಕಿವಿ, ಹೊರಗೆ ಬಾಗಿದ ಕೊಂಬು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ. ಬಂಡಿ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಟ್ರ್ಯಾಕ್ಟರ್, ಎರಡು ಬೈಕ್ ಕೂಡ ನಿಲ್ಲಲಿ. ಇವತ್ತು ಜನ ಬರುವುದು ಹೀಗೇ. ಬರೀ ಬಂಡಿ ತೋರಿಸಿದರೆ ಇದು ತಾತನ ಕಾಲದ್ದು, ನಮಗಲ್ಲ ಅಂತ ಹುಡುಗರು ಮುಂದೆ ಸರಿಸಿಬಿಡುತ್ತಾರೆ.

ಚಿತ್ರ ನಿಲುವಾಗಿ, ಎ3 ಹಾಳೆಯ ಅಳತೆಗೆ, ಅಂದರೆ 297 ಮಿ.ಮೀ. ಅಗಲ, 420 ಮಿ.ಮೀ. ಎತ್ತರ. ಮುದ್ರಣಕ್ಕೆ 3508 × 4961 ಪಿಕ್ಸೆಲ್ ಬೇಕಾಗುತ್ತದೆ. ಅಷ್ಟು ದೊಡ್ಡದು ಬರದಿದ್ದರೆ ಇದೇ ಅನುಪಾತದಲ್ಲಿ ಚಿಕ್ಕದು ಬರಲಿ, ಆಮೇಲೆ ದೊಡ್ಡದು ಮಾಡಿಕೊಳ್ಳುತ್ತೇವೆ. ಮೇಲಿನ ಮೂರನೇ ಒಂದು ಭಾಗ ಬರೀ ಆಕಾಶ, ಚಳಿಗಾಲದ ತಿಳಿ ನೀಲಿ, ಮೋಡ ಇಲ್ಲ, ಹಕ್ಕಿ ಇಲ್ಲ, ಗಾಳಿಪಟ ಇಲ್ಲ. ಅಲ್ಲಿ ಹಬ್ಬದ ಹೆಸರು ಬರುತ್ತದೆ. ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳಗಲ ಕಪ್ಪು ಮಣ್ಣು ಖಾಲಿ ಇರಲಿ, ಅಲ್ಲಿ ಊರು ಮತ್ತು ಸಮಯ. ಮುದ್ರಣ ಆದ ಮೇಲೆ ಸುತ್ತ ಕತ್ತರಿಸುತ್ತಾರೆ, ಆದ್ದರಿಂದ ತಲೆ, ಕೈ, ಕಲ್ಲು ಯಾವುದೂ ಅಂಚಿಗೆ ತಾಗಬಾರದು.

ಅಕ್ಷರ ಒಂದೂ ಬರೆಯುವುದು ಬೇಡ. ಕನ್ನಡವೂ ಬೇಡ, ಇಂಗ್ಲಿಷೂ ಬೇಡ, ಟ್ರ್ಯಾಕ್ಟರ್ ನಂಬರ್ ಪ್ಲೇಟು, ಚೀಲ, ಟೀ ಶರ್ಟ್ ಎಲ್ಲಾ ಖಾಲಿ. ಚಿತ್ರದೊಳಗೆ ಮೂಡುವ ಕನ್ನಡದಲ್ಲಿ ಎಷ್ಟೋ ಸಲ ಒತ್ತಕ್ಷರ ಕೆಟ್ಟು ಓದಲಿಕ್ಕೇ ಬರುವುದಿಲ್ಲ, ಅಕ್ಷರವನ್ನು ನಾವೇ ಬೇರೆಯಾಗಿ ಕೂರಿಸುತ್ತೇವೆ.

ಫೋಟೋ ಥರ ಬೇಡ, ಕೈಯಲ್ಲಿ ಬಣ್ಣ ಹಚ್ಚಿದ ಚಿತ್ರದ ಥರ ಇರಲಿ, ಹೊಳಪಿಲ್ಲದ ದಪ್ಪ ಬಣ್ಣ, ಕುಂಚದ ಗೆರೆ ಸ್ವಲ್ಪ ಕಾಣಲಿ. ಕರಿ ಮಣ್ಣು, ಜೋಳದ ಹಸಿರು, ಧೋತರದ ಬಿಳುಪು, ಇಳಕಲ್ ಸೆರಗಿನ ಕೆಂಪು, ಚೆಂಡು ಹೂವಿನ ಹಳದಿ. ಎದ್ದು ಕಾಣುವ ಬಣ್ಣ ಇವೇ ಆಗಿರಬೇಕು. ನೆರಳು ಆಳೆತ್ತರಕ್ಕಿಂತ ಸ್ವಲ್ಪ ಚಿಕ್ಕದು, ಸಂಜೆಯ ಬಂಗಾರದ ಬೆಳಕು ಬೇಡ. ಹಬ್ಬ ಅಂದ ತಕ್ಷಣ ಬರುವ ಪಟಾಕಿ, ಸಾಲು ದೀಪ, ರಂಗೋಲಿ, ಆನೆ, ಗೋಪುರ, ಕಬ್ಬಿನ ಮಂಟಪ ಯಾವುದೂ ಇಲ್ಲಿಗೆ ಸಂಬಂಧ ಇಲ್ಲ. ಬೆರಳು ಐದೈದೇ ಇರಲಿ, ಎತ್ತಿನ ಕಾಲು ನಾಲ್ಕೇ.

ಎಲ್ಲಾ ಒಂದೇ ಚಿತ್ರದಲ್ಲಿ ಹಿಡಿಸದೆ ಗದ್ದಲ ಆದರೆ ಮೊದಲು ಬೈಕ್ ತೆಗೆಯುವುದು, ಆಮೇಲೆ ಟ್ರ್ಯಾಕ್ಟರ್, ಆಮೇಲೆ ಕೂತವರಲ್ಲಿ ಇಬ್ಬರು ಹುಡುಗರನ್ನು. ಚರಗ ಚೆಲ್ಲುವ ಕೈ, ಬಿಳಿಜೋಳ, ಐದು ಕಲ್ಲು, ಅಜ್ಜಿ, ಪಕ್ಕದ ಹೊಲದವರು, ಭಜ್ಜಿ ಪಾತ್ರೆ ಇವನ್ನು ಮುಟ್ಟುವುದು ಬೇಡ. ಮೊದಲ ಸಲಕ್ಕೆ ನಾಲ್ಕು ಚಿತ್ರ ಬರಲಿ, ನಾಲ್ಕರಲ್ಲೂ ಜನ, ಬೆಳೆ, ಊಟ ಇವೇ ಇರಲಿ, ನೋಡುವ ಕೋನ ಮಾತ್ರ ಬೇರೆ ಬೇರೆ: ಒಂದು ಕಡಲೆ ಗಿಡದ ಮಟ್ಟದಿಂದ ಮೇಲಕ್ಕೆ, ಒಂದು ನಿಂತವನ ಕಣ್ಣಿನ ಮಟ್ಟದಿಂದ, ಒಂದು ಬಂಡಿ ಮೇಲೆ ನಿಂತು ನೋಡಿದ ಹಾಗೆ, ಇನ್ನೊಂದು ಊಟಕ್ಕೆ ಕೂತವರ ಬೆನ್ನ ಹಿಂದಿನಿಂದ ಚರಗದ ಕಡೆಗೆ.